‘ಯಾವಾಗ ಬರ್ಲ್ರೀ ಮೇಡಂ?’ ಎಂದು ಕೇಳುವ ಮೊದಲು

ಪಿಎಚ್.ಡಿ. ಮಾಡುವವರ ಫೋನಿನಲ್ಲಿ ಹುಡುಕಿದರೆ ಇಂಥದ್ದೊಂದು ಸಂದೇಶ ಸಿಕ್ಕೇ ಸಿಗುತ್ತದೆ: “ನಮಸ್ಕಾರ್ರೀ ಮೇಡಂ, ಆರಾಮ ಅದೀರೇನ್ರೀ? ಥೀಸಿಸ್ ಬಗ್ಗೆ ಸ್ವಲ್ಪ ಮಾತಾಡೋದಿತ್ತು. ನೀವು ಫ್ರೀ ಇದ್ದಾಗ ಹೇಳ್ರಿ, ಯಾವಾಗ ಬೇಕಾದ್ರೂ ಬರ್ತೀನಿ.”

ಬರೆದವರ ಮನಸ್ಸಿನಲ್ಲಿ ಇದಕ್ಕಿಂತ ವಿನಯ ಇನ್ನೊಂದಿಲ್ಲ. ಗುರುಗಳಿಗೆ ನಮ್ಮ ಪುರಸೊತ್ತು ಹೇಳುವುದೆಂದರೇನು, ಅವರು ಕರೆದಾಗ ಹೋಗಿ ನಿಲ್ಲುವುದಷ್ಟೇ ನಮ್ಮ ಕೆಲಸ ಎಂಬ ಭಾವನೆ ಇದರ ಹಿಂದಿದೆ. ಆದರೆ ಓದುವವರ ಕಡೆಯಿಂದ ನೋಡಿದರೆ ಈ ಮೂರು ವಾಕ್ಯ ಹೊರಿಸುವ ಕೆಲಸ ಸಣ್ಣದಲ್ಲ. ಯಾವ ವಿಷಯ ಮಾತಾಡಬೇಕು, ಎಷ್ಟು ಹೊತ್ತು ಬೇಕು, ಮೊದಲೇ ಏನಾದರೂ ಓದಿಕೊಂಡಿರಬೇಕೇ, ಯಾವ ದಿನ, ಎಷ್ಟು ಗಂಟೆಗೆ? ಐದನ್ನೂ ಪ್ರಾಧ್ಯಾಪಕರೇ ಯೋಚಿಸಬೇಕು. ಎರಡು ತರಗತಿಗಳ ನಡುವೆ ಸಂದೇಶ ನೋಡಿದವರು ‘ಆಮೇಲೆ ಹೇಳಿದರಾಯಿತು’ ಅಂದುಕೊಂಡು ಫೋನು ಕೆಳಗಿಡುತ್ತಾರೆ. ಸಂಜೆಯ ಹೊತ್ತಿಗೆ ಅದರ ಮೇಲೆ ನಲವತ್ತು ಸಂದೇಶ ಬಂದು ಕೂತಿರುತ್ತವೆ.

ಉತ್ತರ ಬಂದಾಗಲೂ ಕಷ್ಟ ತಪ್ಪುವುದಿಲ್ಲ. “ಬುಧವಾರ ಬಾ” ಎಂದು ಅವರು ಬರೆದರೆ, “ಬುಧವಾರ ಕಾಲೇಜಿನ್ಯಾಗ ಕ್ಲಾಸ್ ಅದಾವ್ರೀ ಮೇಡಂ” ಎಂದು ಇವರು ಬರೆಯಬೇಕಾಗುತ್ತದೆ. ‘ಯಾವಾಗ ಬೇಕಾದರೂ’ ಎಂಬ ಮಾತು ಒಂದೇ ದಿನದಲ್ಲಿ ಸುಳ್ಳಾಗುತ್ತದೆ. ಮೊದಲ ಸಂದೇಶದಲ್ಲೇ ಬರಲಾಗುವ ದಿನಗಳನ್ನು ಹೇಳಿದ್ದರೆ ಅವರಿಗೂ ಒಂದು ಓಲೆ ಉಳಿಯುತ್ತಿತ್ತು, ಇವರಿಗೂ ಮುಜುಗರ ತಪ್ಪುತ್ತಿತ್ತು.

ಪ್ರಾಧ್ಯಾಪಕರ ವಾರ ಹೇಗಿರುತ್ತದೆ ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಾಧ್ಯಾಪಕರಿಗೆ ಗೊತ್ತು ಮಾಡಿರುವುದು ವಾರಕ್ಕೆ ಕನಿಷ್ಠ 40 ಗಂಟೆಯ ಕೆಲಸ, ಅದರಲ್ಲಿ ನೇರ ಪಾಠ 14 ಗಂಟೆ. ಪಿಎಚ್.ಡಿ. ಕುರಿತ 2022ರ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರು ಒಂದೇ ಕಾಲಕ್ಕೆ 8 ಮಂದಿಗೆ ಮಾರ್ಗದರ್ಶಕರಾಗಬಹುದು. ಸಹ ಪ್ರಾಧ್ಯಾಪಕರಿಗೆ ಮಿತಿ 6, ಸಹಾಯಕ ಪ್ರಾಧ್ಯಾಪಕರಿಗೆ 4. ಎಂಟು ಮಂದಿಗೂ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೊಟ್ಟರೂ ಒಟ್ಟು ನಾಲ್ಕು ಗಂಟೆ, ಅಂದರೆ ಎರಡು ವಾರದಲ್ಲಿ ಅರ್ಧ ದಿನ. ಹಾಗಾಗಿ ಸಮಯವೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಇರುವ ಸಮಯ ಮೌಲ್ಯಮಾಪನ, ಪಠ್ಯಕ್ರಮ ಸಮಿತಿ, ಬೇರೆ ವಿಶ್ವವಿದ್ಯಾಲಯದ ವೈವಾ, ನ್ಯಾಕ್ ಕಡತ ಇವುಗಳ ಸಂದಿಯಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಆ ಚೂರುಗಳಲ್ಲಿ ಒಂದನ್ನು ಹುಡುಕಿ ಹೊಂದಿಸುವ ಶ್ರಮವನ್ನು ಯಾರು ಮಾಡಬೇಕು ಎಂಬುದೇ ಪ್ರಶ್ನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುವ ಕನ್ನಡದ ಮಕ್ಕಳಿಗೆ ಈ ತೊಂದರೆ ಕಡಿಮೆ. ಅಲ್ಲಿ ಪಾಠದ ಮೊದಲ ದಿನವೇ ಅಧ್ಯಾಪಕರು ವಾರದಲ್ಲಿ ಯಾವ ದಿನ, ಎಷ್ಟರಿಂದ ಎಷ್ಟರವರೆಗೆ ವಿದ್ಯಾರ್ಥಿಗಳಿಗೆ ಸಿಗುತ್ತಾರೆ ಎಂಬುದನ್ನು ಅಚ್ಚು ಹಾಕಿಸಿ ಕೊಟ್ಟಿರುತ್ತಾರೆ. ನಮ್ಮ ಕಡೆ ಹೆಚ್ಚಿನ ವಿಭಾಗಗಳ ಬಾಗಿಲಲ್ಲಿ ಅಂಥ ಫಲಕವಿಲ್ಲವಾದ್ದರಿಂದ ಆ ಕೆಲಸವನ್ನು ವಿದ್ಯಾರ್ಥಿಯ ಪತ್ರವೇ ಮಾಡಬೇಕು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿ ನೋಡೋಣ.

ಇಂಡಿ ತಾಲ್ಲೂಕಿನ ಅಗರಖೇಡದ ಒಬ್ಬಾಕೆ ವಿಜಯಪುರದ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಗಿ ಶುರುವಾಗಿ 2017ರಲ್ಲಿ ಅಕ್ಕನ ಹೆಸರು ಪಡೆದ ಇದರ ಆವರಣ ಇರುವುದು ಊರ ಹೊರಗೆ, ತೊರವಿಯಲ್ಲಿ. ಆಕೆ ಇಂಡಿಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಸೋಮವಾರ, ಬುಧವಾರ, ಶುಕ್ರವಾರ ತರಗತಿಗಳಿವೆ. ನೌಕರಿಯಲ್ಲಿರುವವರು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕ ಪಿಎಚ್.ಡಿ. ಮಾಡಲು 2022ರ ನಿಯಮಾವಳಿಯಲ್ಲಿ ಅವಕಾಶ ಇರುವುದರಿಂದ ಇಂಥವರ ಸಂಖ್ಯೆ ಈಗ ಕಡಿಮೆಯೇನಿಲ್ಲ. ಆಕೆಯ ವಿಷಯ ಬೀಸುವ ಕಲ್ಲಿನ ಪದಗಳು. ಹಲಸಂಗಿಯ ಗೆಳೆಯರು ಊರೂರು ತಿರುಗಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅದರಲ್ಲಿರುವ ಪದಗಳ ಯಾವ ರೂಪಗಳು ಇಂಡಿ ಸೀಮೆಯ ಹಿರಿಯ ಹೆಂಗಸರ ಬಾಯಲ್ಲಿ ಈಗಲೂ ಉಳಿದಿವೆ ಎಂದು ಆಕೆ ನೋಡುತ್ತಿದ್ದಾಳೆ. ಮೂರನೇ ಅಧ್ಯಾಯದ ಕರಡು ಮುಗಿದಿದೆ. 2026ರ ಫೆಬ್ರುವರಿ 27ಕ್ಕೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಒಪ್ಪಿಸಬೇಕು. ಪ್ರತಿ ಸೆಮಿಸ್ಟರಿಗೊಮ್ಮೆ ಹೀಗೆ ಹಾಜರಾಗುವುದು ಕಡ್ಡಾಯ. ಅದಕ್ಕೂ ಮೊದಲು ಮಾರ್ಗದರ್ಶಕರ ಅರ್ಧ ಗಂಟೆ ಬೇಕು.

ಪತ್ರ ಬರೆಯುವ ಮೊದಲು ಆಕೆ ಮಾಡಬೇಕಾದ ಕೆಲಸ ತನ್ನ ಪುರಸೊತ್ತನ್ನು ತಾನೇ ಲೆಕ್ಕ ಹಾಕುವುದು. ‘ಮಂಗಳವಾರ ಮತ್ತು ಗುರುವಾರ ಖಾಲಿ’ ಎಂಬುದು ಅರ್ಧ ಲೆಕ್ಕವಷ್ಟೇ. ಅಗರಖೇಡದಿಂದ ಇಂಡಿಗೆ ಒಂದು ಬಸ್ಸು, ಇಂಡಿಯಿಂದ ವಿಜಯಪುರಕ್ಕೆ ಇನ್ನೊಂದು, ಅಲ್ಲಿಂದ ತೊರವಿಗೆ ಮತ್ತೊಂದು. ಇಂಡಿ-ವಿಜಯಪುರದ ಅಂತರವೇ ಐವತ್ತು ಕಿಲೋಮೀಟರಿಗೂ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ, ನಿಜ. ಆದರೆ ತುಂಬಿ ಬಂದ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುವ ಹೊತ್ತು ಲೆಕ್ಕಕ್ಕೆ ಬರಲೇಬೇಕು. ಬೆಳಿಗ್ಗೆ 7ಕ್ಕೆ ಮನೆ ಬಿಟ್ಟರೆ ಸರಿಯಿದ್ದ ದಿನ 10.30ಕ್ಕೆ ತೊರವಿ ಮುಟ್ಟಬಹುದು, ಒಂದು ಬಸ್ಸು ತಪ್ಪಿದ ದಿನ 11.15 ಆಗಬಹುದು ಅನ್ನೋಣ. ಹಾಗಾದರೆ ಆಕೆ ಪತ್ರದಲ್ಲಿ ಬರೆಯಬೇಕಾದದ್ದು 11.30. ವಾಪಸು ಬರುವಾಗ ಇಂಡಿಯಿಂದ ಊರಿಗೆ ಹೋಗುವ ಕೊನೆಯ ಬಸ್ಸು ಹಿಡಿಯಲು ನಾಲ್ಕಕ್ಕೆ ಆವರಣ ಬಿಡಬೇಕಾದರೆ ಭೇಟಿ 3.30ಕ್ಕೆ ಮುಗಿದಿರಬೇಕು. ‘ದಿನವಿಡೀ ಖಾಲಿ’ ಅಂದುಕೊಂಡಿದ್ದ ಮಂಗಳವಾರದಲ್ಲಿ ಆಕೆ ಕೊಡಬಹುದಾದದ್ದು ಬರೀ ನಾಲ್ಕು ಗಂಟೆ.

ಹಬ್ಬ-ಸುಗ್ಗಿಗಳನ್ನೂ ನೋಡಿಕೊಳ್ಳಬೇಕು. ಎಳ್ಳ ಅಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೋಗುತ್ತಾರೆ, ಸಂಕ್ರಾಂತಿಯಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ, ಫೆಬ್ರುವರಿ ಆಚೀಚೆ ಬಿಳಿಜೋಳದ ರಾಶಿ. ಮನೆಯ ರಾಶಿ ಯಾವ ದಿನ ಎಂಬುದು ತಿಳಿಯದೆ ಆ ವಾರದ ದಿನವನ್ನು ಪ್ರಾಧ್ಯಾಪಕರಿಗೆ ಕೊಟ್ಟು, ಆಮೇಲೆ ‘ರಾಶಿ ಬಂತ್ರೀ ಮೇಡಂ’ ಎನ್ನುವುದಕ್ಕಿಂತ ಆ ದಿನವನ್ನು ಕೊಡದೇ ಇರುವುದು ಲೇಸು. 2026ರ ಶಿವರಾತ್ರಿ ಫೆಬ್ರುವರಿ 15ರ ಭಾನುವಾರ ಬಂದಿದೆ. ಅದರ ಹಿಂದಿನ ಶನಿವಾರವನ್ನೂ ಮರುದಿನದ ಸೋಮವಾರವನ್ನೂ ಕೇಳದಿರುವುದು ಜಾಣತನ.

ಹೀಗೆ ಸೋಸಿದ ಮೇಲೆ ಉಳಿದ ಹೊತ್ತುಗಳಲ್ಲಿ ಎಷ್ಟನ್ನು ಬರೆಯಬೇಕು? ಒಂದೇ ಕೊಟ್ಟರೆ ಅಪ್ಪಣೆ ಕೊಟ್ಟಂತೆ ಕೇಳುತ್ತದೆ, ಮತ್ತು ಅದು ಹೊಂದದಿದ್ದರೆ ಪತ್ರ ಅಲ್ಲಿಗೇ ಸತ್ತಿತು. ಏಳೆಂಟು ಕೊಟ್ಟರೆ ಓದುವವರು ಡೈರಿ ತೆಗೆದು ಒಂದೊಂದನ್ನೂ ತಾಳೆ ನೋಡಬೇಕು. ಅದಕ್ಕೆ ಪುರಸೊತ್ತಿಲ್ಲದೆ ಪಕ್ಕಕ್ಕಿಡುತ್ತಾರೆ. ಮೂರು ಸಾಕು, ಆದರೆ ಮೂರೂ ಒಂದೇ ಬಗೆಯವಾಗಿರಬಾರದು. ಒಂದು ಬೆಳಗಿನ ಹೊತ್ತು, ಒಂದು ಮಧ್ಯಾಹ್ನದ್ದು, ಇನ್ನೊಂದು ಮುಂದಿನ ವಾರದ್ದು ಇದ್ದರೆ ಬೆಳಿಗ್ಗೆ ಪಾಠ ಇರುವವರಿಗೂ, ಮಧ್ಯಾಹ್ನ ಸಭೆ ಇರುವವರಿಗೂ, ಒಂದು ವಾರ ಪೂರ್ತಿ ಬೇರೆ ಊರಿಗೆ ಮೌಲ್ಯಮಾಪನಕ್ಕೆ ಹೋಗುವವರಿಗೂ ಯಾವುದಾದರೊಂದು ಹೊಂದುತ್ತದೆ. ಪ್ರತಿಯೊಂದು ಹೊತ್ತೂ ಭೇಟಿಗಿಂತ ಉದ್ದವಾಗಿರಬೇಕು. ಅರ್ಧ ಗಂಟೆಯ ಭೇಟಿಗೆ ‘11.30ರಿಂದ 12’ ಎಂದು ಬರೆದರೆ ಅದು ನಡೆಯುವುದು ಕಷ್ಟ. ಹಿಂದಿನ ಸಭೆ ಇಪ್ಪತ್ತು ನಿಮಿಷ ಬೆಳೆದರೆ ಎಲ್ಲ ಮುಗಿಯಿತು. ಎರಡು ಗಂಟೆಯ ಅವಕಾಶ ಕೊಟ್ಟರೆ ಅದರೊಳಗೆ ಅವರು ತಮಗೆ ಬೇಕಾದ ಅರ್ಧ ಗಂಟೆ ಆರಿಸಿಕೊಳ್ಳುತ್ತಾರೆ.

ದಿನಾಂಕ ಮತ್ತು ವಾರ ಎರಡನ್ನೂ ಬರೆಯುವುದಕ್ಕೂ ಕಾರಣವಿದೆ. ಸೋಮವಾರ ಕೂತು ‘ಬರೋ ಮಂಗಳವಾರ’ ಎಂದು ಬರೆದರೆ ಅದು ನಾಳೆಯೋ, ಎಂಟು ದಿನ ಬಿಟ್ಟೋ? ಬರೆದವರಿಗೆ ಒಂದು, ಓದುವವರಿಗೆ ಇನ್ನೊಂದು. ‘ಫೆಬ್ರುವರಿ 10, ಮಂಗಳವಾರ’ ಎಂದರೆ ಆ ಜಗಳ ಇಲ್ಲ. ಎರಡರಲ್ಲೊಂದು ತಪ್ಪಿದ್ದರೆ ಅದೂ ತಕ್ಷಣ ಗೊತ್ತಾಗುತ್ತದೆ.

ಇನ್ನು ಭೇಟಿಯ ವಿಷಯ. ‘ಮೂರನೇ ಅಧ್ಯಾಯ ಚರ್ಚಿಸಬೇಕು’ ಎನ್ನುವುದು ವಿಷಯ ಹೇಳಿದಂತಲ್ಲ. ಅಷ್ಟು ಓದಿದ ಪ್ರಾಧ್ಯಾಪಕರಿಗೆ ತಾವು ಇಡೀ ಅಧ್ಯಾಯ ಓದಿಕೊಂಡು ಕೂರಬೇಕು ಎಂಬ ಭಾರವಷ್ಟೇ ಕಾಣುತ್ತದೆ, ಓದಲಾಗದ ಕಾರಣಕ್ಕೇ ಭೇಟಿ ಮುಂದೆ ಹೋಗುತ್ತದೆ. ಪ್ರಶ್ನೆ ಹೇಗಿರಬೇಕೆಂದರೆ, ಅರ್ಧ ಗಂಟೆ ಮಾತಾಡಿ ಎದ್ದಾಗ ಅದಕ್ಕೊಂದು ತೀರ್ಮಾನ ಸಿಕ್ಕಿರಬೇಕು. ನಮ್ಮ ಉದಾಹರಣೆಯಲ್ಲಿ ಅಂಥ ಪ್ರಶ್ನೆ ಇದೆ. ಸಂಗ್ರಹಿಸಿದ ಪದಗಳನ್ನು ತವರು, ಅತ್ತೆಮನೆ, ಮಗು, ದೇವರು ಎಂದು ವಸ್ತುವಿನ ಪ್ರಕಾರ ವಿಂಗಡಿಸುವುದೇ ಅಥವಾ ಹಾಡಿದ ಒಬ್ಬೊಬ್ಬರ ಪದಗಳನ್ನೂ ಒಟ್ಟಿಗೆ ಇಟ್ಟು ನೋಡುವುದೇ? ಮೊದಲನೆಯದಾದರೆ 1931ರ ಸಂಕಲನದ ಜತೆ ಹೋಲಿಸುವುದು ಸುಲಭ. ಎರಡನೆಯದಾದರೆ ಒಬ್ಬ ಹೆಂಗಸು ತನ್ನ ನೆನಪನ್ನು ಹೇಗೆ ಕಟ್ಟಿಕೊಂಡಿದ್ದಾಳೆ ಎಂಬುದು ಕಾಣುತ್ತದೆ. ಅಧ್ಯಾಯದ ಆಕಾರವೇ ಇದರ ಮೇಲೆ ನಿಂತಿದೆ. ಇದನ್ನು ಓದಿದ ಮಾರ್ಗದರ್ಶಕರಿಗೆ ಆ ಕ್ಷಣದಲ್ಲೇ ಒಂದು ಅಭಿಪ್ರಾಯ ಹುಟ್ಟುತ್ತದೆ, ಹುಟ್ಟಿದ ಅಭಿಪ್ರಾಯ ಹೇಳಲು ಕರೆಯುತ್ತಾರೆ.

ಫೆಬ್ರುವರಿ 2ರ ಸೋಮವಾರ ಆಕೆ ಕಳಿಸುವ ಇಮೇಲ್ ಹೀಗಿರಬಹುದು:

ವಿಷಯ: 3ನೇ ಅಧ್ಯಾಯದ ಚರ್ಚೆಗೆ 30 ನಿಮಿಷ ಕೋರಿ – ಫೆ. 10, 12 ಅಥವಾ 17

ಗೌರವಾನ್ವಿತ ಮೇಡಂ ಅವರಿಗೆ,

ನಮಸ್ಕಾರಗಳು. ಬೀಸುವ ಪದಗಳ ಕುರಿತ 3ನೇ ಅಧ್ಯಾಯದ ಕರಡು ಸಿದ್ಧವಾಗಿದೆ. ಫೆಬ್ರುವರಿ 27ರ ಸಲಹಾ ಸಮಿತಿ ಸಭೆಗೆ ಮೊದಲು ಒಂದು ವಿಷಯದಲ್ಲಿ ತಮ್ಮ ತೀರ್ಮಾನ ಬೇಕಾಗಿದೆ: ಪದಗಳನ್ನು ವಸ್ತುವಿನ ಪ್ರಕಾರ ವಿಂಗಡಿಸಲೇ, ಹಾಡಿದವರ ಪ್ರಕಾರ ವಿಂಗಡಿಸಲೇ? ಎರಡು ರೀತಿಯಲ್ಲೂ ಮಾಡಿ ನೋಡಿದ್ದು ಲಗತ್ತಿಸಿದ ಕರಡಿನ 14ರಿಂದ 19ನೇ ಪುಟದಲ್ಲಿದೆ. ಚರ್ಚೆಗೆ ಅಷ್ಟು ಪುಟ ನೋಡಿದರೆ ಸಾಕು.

30 ನಿಮಿಷ ಸಾಕಾಗುತ್ತದೆ. ನಾನು ತೊರವಿಗೆ ಬರಬಹುದಾದ ಹೊತ್ತು:

ಫೆಬ್ರುವರಿ 10, ಮಂಗಳವಾರ, ಬೆಳಿಗ್ಗೆ 11.30ರಿಂದ ಮಧ್ಯಾಹ್ನ 1.30
ಫೆಬ್ರುವರಿ 12, ಗುರುವಾರ, ಮಧ್ಯಾಹ್ನ 1.30ರಿಂದ 3.30
ಫೆಬ್ರುವರಿ 17, ಮಂಗಳವಾರ, ಬೆಳಿಗ್ಗೆ 11.30ರಿಂದ ಮಧ್ಯಾಹ್ನ 3.30

ಇವು ಯಾವುವೂ ಹೊಂದದಿದ್ದರೆ ತಾವು ಹೇಳಿದ ದಿನ ಸಂಜೆ 7ರ ನಂತರ ಫೋನಿನಲ್ಲಿ ಮಾತಾಡಲು ಸಿದ್ಧಳಿದ್ದೇನೆ. ಶುಕ್ರವಾರ, ಫೆಬ್ರುವರಿ 6ರೊಳಗೆ ತಿಳಿಸಿದರೆ ಆ ದಿನ ಕಾಲೇಜಿನಲ್ಲಿ ಬೇರೆ ಕೆಲಸ ಹಚ್ಚದಂತೆ ಪ್ರಿನ್ಸಿಪಾಲರಿಗೆ ಕೇಳಿಕೊಳ್ಳಲು ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
(ಹೆಸರು)
ಪಿಎಚ್.ಡಿ. ಸಂಶೋಧನಾರ್ಥಿ (ಅರೆಕಾಲಿಕ), ನೋಂದಣಿ ಸಂಖ್ಯೆ, ಮೊಬೈಲ್ ಸಂಖ್ಯೆ

ಇದಕ್ಕೆ ಪ್ರಾಧ್ಯಾಪಕರು ಬರೆಯಬೇಕಾದದ್ದು “12, 2.30” ಇಷ್ಟೇ. ಕಾರಿಡಾರಿನಲ್ಲಿ ನಡೆಯುತ್ತಲೇ ಬರೆದು ಕಳಿಸಬಹುದು.

ಪತ್ರದ ವಿಷಯದ ಸಾಲಿನಲ್ಲೇ ದಿನಾಂಕಗಳು ಬಂದಿರುವುದನ್ನು ಗಮನಿಸಬೇಕು. ಇಮೇಲ್ ತೆರೆಯದೆಯೂ ಏನು, ಎಷ್ಟು ಹೊತ್ತು, ಯಾವಾಗ ಎಂಬುದು ತಿಳಿಯುತ್ತದೆ. ಎರಡು ದಿನ ಬಿಟ್ಟು ಹುಡುಕಿದರೂ ಕೈಗೆ ಸಿಗುತ್ತದೆ. ‘ನಮಸ್ಕಾರ ಮೇಡಂ’ ಎಂಬ ವಿಷಯದ ಸಾಲು ಹೊತ್ತ ಪತ್ರಗಳು ಅವರ ಪೆಟ್ಟಿಗೆಯಲ್ಲಿ ಎಷ್ಟಿರುತ್ತವೋ!

ಅವರು ಉತ್ತರಿಸಲು ಒಂದು ದಿನ ಗೊತ್ತುಮಾಡುವುದು ಹಲವರಿಗೆ ಸೊಕ್ಕಿನಂತೆ ಕಾಣುತ್ತದೆ. ಕಾರಣ ಹೇಳದೆ ‘ಶುಕ್ರವಾರದೊಳಗೆ ತಿಳಿಸಬೇಕು’ ಎಂದರೆ ಅದು ಸೊಕ್ಕೇ. ಆದರೆ ಕಾರಣ ತನ್ನದೇ ಆಗಿದ್ದು, ಅದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಬೇಸರವಾಗುವುದಿಲ್ಲ. ಕಾರಣವನ್ನು ಉದ್ದ ಮಾಡಬಾರದು ಅಷ್ಟೇ. ಅತ್ತೆಗೆ ಮೊಣಕಾಲು ನೋವು, ಬಸ್ಸಿನ ತೊಂದರೆ, ಪ್ರಿನ್ಸಿಪಾಲರ ಸಿಟ್ಟು ಎಲ್ಲವನ್ನೂ ಬರೆದರೆ ಮೂರು ದಿನಾಂಕಗಳು ಅದರಡಿಯಲ್ಲಿ ಹೂತು ಹೋಗುತ್ತವೆ. ಯಾವ ಹೊತ್ತು ಸಾಧ್ಯ ಎಂದು ಬರೆದರೆ ಮುಗಿಯಿತು. ಉಳಿದ ಹೊತ್ತು ಯಾಕೆ ಸಾಧ್ಯವಿಲ್ಲ ಎಂಬ ವಿವರಣೆಯನ್ನು ಯಾರೂ ಕೇಳುವುದಿಲ್ಲ.

ಕೊಟ್ಟ ಮೂರೂ ಹೊತ್ತನ್ನು ಉತ್ತರ ಬರುವವರೆಗೆ ಖಾಲಿಯಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಬುಧವಾರ ಕಾಲೇಜಿನಲ್ಲಿ ಯಾರೋ “10ನೇ ತಾರೀಖು ಪರೀಕ್ಷೆ ಡ್ಯೂಟಿ ಮಾಡ್ತೀರೇನು?” ಎಂದು ಕೇಳಿದಾಗ ಹೂಂ ಎಂದುಬಿಟ್ಟರೆ, ಗುರುವಾರ “10, 12 ಗಂಟೆ” ಎಂಬ ಉತ್ತರ ಬಂದು ಕೂರುತ್ತದೆ. ಒಂದು ಹೊತ್ತು ನಿಜವಾಗಿಯೂ ಕೈಬಿಟ್ಟು ಹೋದರೆ ಅದೇ ಗಳಿಗೆಯಲ್ಲಿ ಅದೇ ಇಮೇಲಿಗೆ ‘ಫೆಬ್ರುವರಿ 10 ಈಗ ಸಾಧ್ಯವಿಲ್ಲ, 12 ಮತ್ತು 17 ಹಾಗೆಯೇ ಇವೆ’ ಎಂದು ಒಂದು ಸಾಲು ಸೇರಿಸಬೇಕು.

ಕನ್ನಡದಲ್ಲಿ ಪ್ರಬಂಧ ಬರೆಯುವವರನ್ನು ಕಾಡುವ ಇನ್ನೊಂದು ಪೀಡೆ ಇದೆ, ಇದರಿಂದ ಎಷ್ಟು ಭೇಟಿಗಳು ಕೆಟ್ಟಿವೆಯೋ. ಅಧ್ಯಾಯವನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿರುತ್ತಾರೆ. ಅದೇ ವರ್ಡ್ ಕಡತವನ್ನು ಇಮೇಲಿಗೆ ಅಂಟಿಸಿ ಕಳಿಸುತ್ತಾರೆ. ಪ್ರಾಧ್ಯಾಪಕರು ಅದನ್ನು ಫೋನಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಆ ಫೋನಿನಲ್ಲಿ ನುಡಿ ಅಕ್ಷರ ಇಲ್ಲ. ಓದಲಾಗದ್ದನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ನೋಡೋಣ ಎಂದು ಬಿಟ್ಟರೆ ಅದು ಅಲ್ಲೇ ಉಳಿಯುತ್ತದೆ. ಪರಿಹಾರ ಎರಡು. ಪತ್ರದ ಒಕ್ಕಣೆಯನ್ನು ಫೋನಿನ ಕನ್ನಡ ಕೀಲಿಮಣೆಯಲ್ಲಿ, ಅಂದರೆ ಯೂನಿಕೋಡಿನಲ್ಲಿ ಬರೆಯಬೇಕು. ಅಧ್ಯಾಯವನ್ನು ಪಿಡಿಎಫ್ ಮಾಡಿ ಲಗತ್ತಿಸಬೇಕು. ಅಕ್ಷರಗಳು ಕಡತದೊಳಗೇ ಸೇರಿ ಹೋಗುವುದರಿಂದ ನುಡಿ ಇಲ್ಲದ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ. ಕಳಿಸುವ ಮೊದಲು ಆ ಪಿಡಿಎಫನ್ನು ಮನೆಯಲ್ಲಿ ಇನ್ನೊಬ್ಬರ ಫೋನಿಗೆ ಕಳಿಸಿ ತೆರೆದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಕಡತದ ಹೆಸರೂ `final new 2.pdf` ಎಂದಿರದೆ `Adhyaya3_Feb2026.pdf` ಎಂಬಂತಿದ್ದರೆ, ಎಂಟು ವಿದ್ಯಾರ್ಥಿಗಳ ಕಡತಗಳ ನಡುವೆ ಅದು ಯಾವುದೆಂದು ಗೊತ್ತಾಗುತ್ತದೆ. ತಮ್ಮ ಹೆಸರನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ವಾಟ್ಸ್ಆ್ಯಪ್ ಬೇಡವೇ? ಬೇಕು, ಆದರೆ ಪತ್ರದ ಜಾಗದಲ್ಲಲ್ಲ. ಎಷ್ಟೋ ಪ್ರಾಧ್ಯಾಪಕರು ಇಮೇಲಿಗಿಂತ ಅದನ್ನೇ ಮೊದಲು ನೋಡುತ್ತಾರೆ. ಇಮೇಲ್ ಕಳಿಸಿದ ಮೇಲೆ ‘ಮೇಡಂ, 3ನೇ ಅಧ್ಯಾಯದ ಚರ್ಚೆಗೆ ಮೂರು ದಿನಾಂಕ ಸೂಚಿಸಿ ಇಮೇಲ್ ಮಾಡಿದ್ದೇನ್ರೀ’ ಎಂದು ಒಂದು ಸಾಲು ಹಾಕುವುದರಲ್ಲಿ ತಪ್ಪಿಲ್ಲ. ನೀಲಿ ಗೆರೆ ಬಿದ್ದ ಮೇಲೂ ಉತ್ತರವಿಲ್ಲ ಎಂದು ಮತ್ತೆ ಮತ್ತೆ ‘ಮೇಡಂ??’ ಹಾಕುವುದೊಂದು ಬೇಡ. ಓದಿದ್ದಾರೆ ಎಂದರೆ ಓದಿದ್ದಾರೆ ಅಷ್ಟೇ, ಡೈರಿ ನೋಡಿದ್ದಾರೆ ಎಂದಲ್ಲ.

ಶುಕ್ರವಾರ ಕಳೆದರೂ ಉತ್ತರ ಬಾರದಿದ್ದರೆ ಸೋಮವಾರ, ಫೆಬ್ರುವರಿ 9ರ ಬೆಳಿಗ್ಗೆ ನೆನಪೋಲೆ ಕಳಿಸಬಹುದು. ಹೊಸ ಇಮೇಲ್ ಬೇಡ, ಹಳೆಯದಕ್ಕೇ ಉತ್ತರವಾಗಿ ಬರೆದರೆ ಕರಡು, ಪ್ರಶ್ನೆ ಎಲ್ಲ ಕೆಳಗೇ ಇರುತ್ತವೆ. ಇಲ್ಲಿ ಹೆಚ್ಚಿನವರು ‘ನನ್ನ ಹಿಂದಿನ ಇಮೇಲ್ ದಯವಿಟ್ಟು ನೋಡಿ’ ಎಂದಷ್ಟೇ ಬರೆಯುತ್ತಾರೆ. ಆದರೆ ಹಿಂದಿನ ಇಮೇಲಿನಲ್ಲಿರುವ 10ನೇ ತಾರೀಖು ನಾಳೆಯೇ ಬಂದುಬಿಟ್ಟಿದೆ. ಅದನ್ನು ತೆಗೆದು, ಉಳಿದ 12 ಮತ್ತು 17ರ ಜತೆಗೆ 19ರ ಗುರುವಾರವನ್ನು ಸೇರಿಸಿ ಪಟ್ಟಿಯನ್ನು ಹೊಸದಾಗಿ ಬರೆಯಬೇಕು. ಅದಕ್ಕೂ ಸದ್ದಿಲ್ಲದಿದ್ದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಫೋನು. ಅಲ್ಲೂ ಮಾತು ಚಿಕ್ಕದಿರಲಿ: “ಮೇಡಂ, ಗುರುವಾರ ಮಧ್ಯಾಹ್ನ ಎರಡೂವರಿಗೆ ಬರ್ಲ್ರೀ?” ಎಂದರೆ ‘ಬಾ’ ಅಥವಾ ‘ಬ್ಯಾಡ, ಮಂಗಳವಾರ ಬಾ’ ಎಂಬ ಉತ್ತರ ಬರುತ್ತದೆ. ವಿಭಾಗದ ಮುಖ್ಯಸ್ಥರ ಹತ್ತಿರ ಹೋಗುವುದು ಕೊನೆಯ ದಾರಿ. ಸಲಹಾ ಸಮಿತಿಗೆ ಸಂಚಾಲಕರು ಮಾರ್ಗದರ್ಶಕರೇ ಆಗಿರುವುದರಿಂದ 27ರ ಸಭೆ ಅವರ ಮೇಲೂ ಇದೆ. ಅದನ್ನು ಸೌಮ್ಯವಾಗಿ ನೆನಪಿಸಿದರೆ ಸಾಮಾನ್ಯವಾಗಿ ಮುಖ್ಯಸ್ಥರವರೆಗೆ ಹೋಗುವ ಪ್ರಸಂಗ ಬರುವುದಿಲ್ಲ.

ಮಾರ್ಗದರ್ಶಕರು ವಿಜಯಪುರದಲ್ಲಿ ಅಲ್ಲದೆ ಧಾರವಾಡದಲ್ಲಿ ಇದ್ದರೆ ಲೆಕ್ಕ ಬದಲಾಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಹೋಗುವ ಪರಂಪರೆ ಹಳೆಯದು. ಸಿಂದಗಿ ತಾಲ್ಲೂಕಿನಿಂದ ಹೋದ ಎಂ.ಎಂ. ಕಲಬುರ್ಗಿ ಅವರು ಅಲ್ಲಿಯೇ ಪ್ರಾಧ್ಯಾಪಕರಾದರು. ಆದರೆ ವಿಜಯಪುರದಿಂದ ಧಾರವಾಡ ಸುಮಾರು ಇನ್ನೂರು ಕಿಲೋಮೀಟರು, ಹಳ್ಳಿಯಿಂದ ಹೊರಟವರಿಗೆ ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೋ ಆದೀತು, ಅರ್ಧ ಗಂಟೆಯ ಭೇಟಿಗೆ ಆ ಓಡಾಟ ಸಾರ್ಥಕವಾಗುವುದಿಲ್ಲ. ಅಂಥವರು ಎರಡು ಅಕ್ಕಪಕ್ಕದ ದಿನಗಳನ್ನು ಜೋಡಿಯಾಗಿ ಕೊಡಬೇಕು: ‘ಫೆಬ್ರುವರಿ 12 ಮಧ್ಯಾಹ್ನದಿಂದ 13ರ ಮಧ್ಯಾಹ್ನದವರೆಗೆ ಧಾರವಾಡದಲ್ಲೇ ಇರುತ್ತೇನೆ, ಅದರೊಳಗೆ ಯಾವ ಅರ್ಧ ಗಂಟೆಯಾದರೂ ಸರಿ’. ಹಾಗೆ ಬರೆದರೆ ಒಂದು ಭೇಟಿ ತಪ್ಪಿದರೂ ಪ್ರಯಾಣ ವ್ಯರ್ಥವಾಗುವುದಿಲ್ಲ, ಉಳಿದ ಹೊತ್ತಿಗೆ ಗ್ರಂಥಾಲಯವೂ ಇದೆ. ನಡುವಿನ ಸಣ್ಣ ಪ್ರಶ್ನೆಗಳಿಗೆ ಫೋನಿನ ಹೊತ್ತನ್ನೇ ಕೇಳುವುದು ಸರಿ, ಆದರೆ ಆ ಹೊತ್ತಿನಲ್ಲಿ ತಮ್ಮ ಊರಲ್ಲಿ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಇರುತ್ತೇವೆಯೇ ಎಂಬುದನ್ನು ನೋಡಿಕೊಂಡು.

ಉತ್ತರ ಬಂತು, “12, 2.30” ಎಂದು. ತಕ್ಷಣ ‘ಧನ್ಯವಾದಗಳು ಮೇಡಂ. ಫೆಬ್ರುವರಿ 12, ಗುರುವಾರ ಮಧ್ಯಾಹ್ನ 2.30ಕ್ಕೆ ತಮ್ಮ ಕೊಠಡಿಗೆ ಬರುತ್ತೇನೆ’ ಎಂದು ಪೂರ್ತಿಯಾಗಿ ಬರೆದು ಒಪ್ಪಿಗೆ ಕಳಿಸಬೇಕು, ಅವರ ಎರಡು ಅಂಕಿಗಳನ್ನು ತಾನು ಸರಿಯಾಗಿ ಓದಿಕೊಂಡಿದ್ದೇನೆಯೇ ಎಂಬುದು ಇಬ್ಬರಿಗೂ ಅಲ್ಲೇ ಖಾತ್ರಿಯಾಗುತ್ತದೆ. ಹಿಂದಿನ ಸಂಜೆ 14ರಿಂದ 19ನೇ ಪುಟಗಳನ್ನಷ್ಟೇ ಬೇರೆ ಪಿಡಿಎಫ್ ಮಾಡಿ ವಾಟ್ಸ್ಆ್ಯಪಿಗೆ ಹಾಕಿದರೆ ನೆನಪೋಲೆಯೂ ಆಯಿತು, ಹುಡುಕುವ ಶ್ರಮವೂ ತಪ್ಪಿತು. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅದೇ ಪುಟಗಳ ಎರಡು ಅಚ್ಚಿನ ಪ್ರತಿ ಚೀಲದಲ್ಲಿರಲಿ. ತಿದ್ದುವುದಕ್ಕೆ ಕಾಗದವೇ ಬೇಕು ಎನ್ನುವ ಹಿರಿಯರು ಇನ್ನೂ ಬಹಳ ಮಂದಿ ಇದ್ದಾರೆ.

ಅರ್ಧ ಗಂಟೆ ಮುಗಿದು ಏಳುವ ಮೊದಲು ಮುಂದಿನ ಭೇಟಿಯ ಮಾತನ್ನು ಅಲ್ಲೇ ಎತ್ತಬಹುದು. ಅವರ ಡೈರಿ ತೆರೆದೇ ಇರುತ್ತದೆ, ತನ್ನ ಏಪ್ರಿಲ್ ತಿಂಗಳ ಖಾಲಿ ಮಂಗಳವಾರ-ಗುರುವಾರಗಳನ್ನು ಮೊದಲೇ ಚೀಟಿಯಲ್ಲಿ ಬರೆದಿದ್ದರೆ ಎರಡೇ ನಿಮಿಷದಲ್ಲಿ ದಿನ ಗೊತ್ತಾಗುತ್ತದೆ. ಆ ರಾತ್ರಿ ಕಳಿಸುವ ಇಮೇಲಿನಲ್ಲಿ ಮೂರು ಸಾಲು ಇದ್ದರೆ ಸಾಕು: ಪದಗಳನ್ನು ಹಾಡಿದವರ ಪ್ರಕಾರ ವಿಂಗಡಿಸುವುದೆಂದು ತೀರ್ಮಾನವಾಯಿತು, ವಸ್ತುವಿನ ಪ್ರಕಾರದ ಪಟ್ಟಿ ಅನುಬಂಧಕ್ಕೆ ಹೋಗುತ್ತದೆ, ತಿದ್ದಿದ ಅಧ್ಯಾಯ ಫೆಬ್ರುವರಿ 23ಕ್ಕೆ ತಲುಪುತ್ತದೆ. ಫೆಬ್ರುವರಿ 27ರ ಸಮಿತಿ ಮುಂದೆ ಒಪ್ಪಿಸುವ ವರದಿಯಲ್ಲಿ ‘ಮಾರ್ಗದರ್ಶಕರೊಂದಿಗೆ ಚರ್ಚೆ’ ಎಂಬ ಸಾಲಿನೆದುರು ಬರೆಯಬೇಕಾದ ದಿನಾಂಕವೂ ತೀರ್ಮಾನವೂ ಆ ಇಮೇಲಿನಲ್ಲೇ ಸಿಗುತ್ತವೆ.